ಸಂಜೆಯಿಂದ ಸಂಜೆಗೆ: ಸೈಕ್ಲಿಂಗ್ ತರಬೇತಿಯ ವಾರಕ್ಕೆ ನಾನು ಊಟವನ್ನು ಹೊಂದಿಸಿಕೊಂಡ ರೀತಿ

ನನ್ನ ತೂಕ 60 ಕಿಲೋ. ಬೆಂಗಳೂರಿನಲ್ಲಿ ದಿನವಿಡೀ ಕುಳಿತು ಮಾಡುವ ಕೆಲಸ. ಸೈಕಲ್ ಮುಟ್ಟದ ದಿನ ನನ್ನ ದೇಹಕ್ಕೆ ಸುಮಾರು 2,100 ಕ್ಯಾಲೊರಿ ಸಾಕು. ಆದರೆ ತರಬೇತಿಯ ವಾರಗಳಲ್ಲಿ ಎಲ್ಲ ದಿನಗಳೂ ಒಂದೇ ತರಹ ಇರುವುದಿಲ್ಲ. ಸೋಮವಾರ ವಿಶ್ರಾಂತಿ, ಮಂಗಳವಾರ ಬೆಳಿಗ್ಗೆ ಜೋರಾಗಿ ತುಳಿದು ನಡುನಡುವೆ ಸುಧಾರಿಸಿಕೊಳ್ಳುವ ಒಂದೂಕಾಲು ಗಂಟೆಯ ಕಠಿಣ ಇಂಟರ್ವಲ್ ತರಬೇತಿ, ವಾರದ ನಡುವೆ ಹಗುರ ಸವಾರಿ, ಭಾನುವಾರ ನಂದಿಬೆಟ್ಟ ಹತ್ತಿ ಸುತ್ತು ದಾರಿಯಲ್ಲಿ ಮರಳುವ ಐದು ಗಂಟೆಗಳ ಸವಾರಿ. ಏಳೂ ದಿನ ತಟ್ಟೆಯಲ್ಲಿ ಒಂದೇ ಅಳತೆ ಬಡಿಸಿಕೊಂಡರೆ ಲೆಕ್ಕ ಕೂಡುವುದಿಲ್ಲವೆಂಬುದು ಯಾರಿಗಾದರೂ ಹೊಳೆಯುತ್ತದೆ. ಎಷ್ಟು ಹೆಚ್ಚಿಸಬೇಕು ಎಂಬುದಕ್ಕಿಂತ ಯಾವ ಹೊತ್ತಿನ ಊಟವನ್ನು ಹೆಚ್ಚಿಸಬೇಕು ಎಂಬುದೇ ಇಲ್ಲಿ ಕಷ್ಟದ ಪ್ರಶ್ನೆ.

ಖರ್ಚನ್ನು ತಿಳಿಯಲು ನಾನು ನಂಬುವುದು ಪವರ್ ಮೀಟರ್ ಜೋಡಿಸಿದ ಸೈಕಲ್ ಕಂಪ್ಯೂಟರಿನಲ್ಲಿ kJ ಎಂದು ಕಾಣುವ ಅಂಕಿಯನ್ನು. ಅದು ಪೆಡಲಿಗೆ ನಾವು ಕೊಟ್ಟ ಕೆಲಸದ ಲೆಕ್ಕ. ದೇಹ ಉರಿಸುವ ಶಕ್ತಿಯಲ್ಲಿ ಸುಮಾರು ಶೇ. 20ರಿಂದ 25 ಭಾಗ ಮಾತ್ರ ಪೆಡಲನ್ನು ತಲುಪುತ್ತದೆ, ಉಳಿದದ್ದು ಶಾಖವಾಗಿ ಹೋಗುತ್ತದೆ. ಇನ್ನೊಂದೆಡೆ ಒಂದು ಕಿಲೋಕ್ಯಾಲೊರಿಗೆ, ಅಂದರೆ ಊಟದ ಲೆಕ್ಕದಲ್ಲಿ ನಾವು ಕ್ಯಾಲೊರಿ ಎನ್ನುವುದಕ್ಕೆ, 4.18 ಕಿಲೋಜೂಲ್. ಈ ಎರಡೂ ಹೆಚ್ಚುಕಡಿಮೆ ಒಂದನ್ನೊಂದು ಸರಿದೂಗಿಸುವುದರಿಂದ, ತೆರೆಯ ಮೇಲಿನ ಕಿಲೋಜೂಲ್ ಅಂಕಿಯನ್ನೇ ಉರಿದ ಕ್ಯಾಲೊರಿ ಎಂದು ಓದಿಕೊಳ್ಳಬಹುದು. ತಪ್ಪಿದರೂ ಅದು ಸಾಮಾನ್ಯವಾಗಿ ಕಡಿಮೆ ತೋರಿಸುತ್ತದೆಯೇ ಹೊರತು ಹೆಚ್ಚು ತೋರಿಸುವುದು ಅಪರೂಪ. ಹಾಗಾಗಿ ಊಟದಲ್ಲಿ ಒಂದು ಸೌಟು ಹೆಚ್ಚಾಯಿತೆಂದು ನಾನು ತಲೆಕೆಡಿಸಿಕೊಳ್ಳುವುದಿಲ್ಲ.

ಭಾನುವಾರದ ಲೆಕ್ಕವನ್ನೇ ನೋಡೋಣ. ಸರಾಸರಿ 130 ವಾಟ್‌ನಂತೆ ಐದು ಗಂಟೆ ತುಳಿದರೆ 2,340 ಕಿಲೋಜೂಲ್. ಆ ಐದು ಗಂಟೆ ಮನೆಯಲ್ಲೇ ಕುಳಿತಿದ್ದರೂ ಸುಮಾರು 340 ಕ್ಯಾಲೊರಿ ಖರ್ಚಾಗುತ್ತಿತ್ತು. ಅದು 2,100ರಲ್ಲಿ ಆಗಲೇ ಸೇರಿರುವುದರಿಂದ ಕಳೆಯಬೇಕು. ಸವಾರಿಯ ಹೆಚ್ಚುವರಿ ಖರ್ಚು 2,000, ದಿನದ ಒಟ್ಟು ಅಗತ್ಯ 4,100. ಅದೇ ಮಂಗಳವಾರದ ಇಂಟರ್ವಲ್ ಮೈಯನ್ನು ಎಷ್ಟೇ ಹಿಂಡಿದರೂ 650 ಕಿಲೋಜೂಲ್ ದಾಟುವುದಿಲ್ಲ. ಆಯಾಸದ ಮೇಲೆ ಊಟ ಅಳೆಯಬಾರದು ಎನ್ನುವುದಕ್ಕೆ ಈ ಎರಡು ಅಂಕಿಗಳೇ ಸಾಕು.

ಈಗ 4,100 ಕ್ಯಾಲೊರಿಯನ್ನು ಭಾನುವಾರವೇ ತಿಂದು ಮುಗಿಸಬಹುದೇ? ನನ್ನಿಂದ ಆಗುವುದಿಲ್ಲ. ಐದು ಗಂಟೆ ಬಿಸಿಲಿನಲ್ಲಿ ತುಳಿದು ಬಂದವನಿಗೆ ಮಧ್ಯಾಹ್ನ ಊಟವೇ ಸೇರುವುದಿಲ್ಲ; ನಿಜವಾದ ಹಸಿವು ಕಾಣಿಸಿಕೊಳ್ಳುವುದು ಸೋಮವಾರ. ಹಸಿವನ್ನು ಅನುಸರಿಸಿದರೆ ಒಂದು ದಿನ ತಡವಾಗುತ್ತದೆ. ಅದಕ್ಕಾಗಿ ನಾನು ದಿನವನ್ನು ಮಧ್ಯರಾತ್ರಿಯಿಂದ ಎಣಿಸುವುದನ್ನು ಬಿಟ್ಟು, ಸಂಜೆಯಿಂದ ಸಂಜೆಗೆ ಎಣಿಸುತ್ತೇನೆ. ನಸುಕಿನಲ್ಲಿ ಸವಾರಿಗೆ ಹೊರಡುವವರಿಗೆ ಹಿಂದಿನ ರಾತ್ರಿಯ ಊಟವೇ ಆ ದಿನದ ಮೊದಲ ಊಟ. ಸೋಮವಾರ ವಿಶ್ರಾಂತಿಯೇ ಆದರೂ ಅಂದು ರಾತ್ರಿಯ ಊಟ ಮಂಗಳವಾರದ ಇಂಟರ್ವಲ್‌ಗೆ ಸೇರಿದ್ದು.

ಬದಲಾಗುವುದು ಮುಖ್ಯವಾಗಿ ಕಾರ್ಬೋಹೈಡ್ರೇಟ್ ಮಾತ್ರ. ಪ್ರೋಟೀನನ್ನು ಎಲ್ಲ ದಿನವೂ ನೂರು ಗ್ರಾಂ ಆಸುಪಾಸಿನಲ್ಲೇ ಇಟ್ಟುಕೊಳ್ಳುತ್ತೇನೆ. ಎಣ್ಣೆ, ತುಪ್ಪವೂ ಹೆಚ್ಚು ಏರಿಳಿಯುವುದಿಲ್ಲ. ಕ್ರೀಡಾ ಪೋಷಣೆಯ ಮಾರ್ಗದರ್ಶನಗಳು ಹಗುರ ದಿನಕ್ಕೆ ತೂಕದ ಪ್ರತಿ ಕಿಲೋಗೆ 3ರಿಂದ 5 ಗ್ರಾಂ, ದಿನಕ್ಕೊಂದು ಗಂಟೆಯ ತರಬೇತಿಗೆ 5ರಿಂದ 7, ದೀರ್ಘ ಸವಾರಿಯ ದಿನಕ್ಕೆ 6ರಿಂದ 10 ಗ್ರಾಂ ಕಾರ್ಬೋಹೈಡ್ರೇಟ್ ಸೂಚಿಸುತ್ತವೆ. ನನ್ನ ಅಡುಗೆಮನೆಯಲ್ಲಿ ಇದು ಬಹುತೇಕ ಅನ್ನದ ಅಳತೆಯಾಗಿ ಇಳಿಯುತ್ತದೆ. ನೂರು ಗ್ರಾಂ ಬೆಂದ ಅನ್ನದಲ್ಲಿ ಸುಮಾರು 28 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಶನಿವಾರ ರಾತ್ರಿ ತಕ್ಕಡಿಯಲ್ಲಿ ಇಟ್ಟು 350 ಗ್ರಾಂ ಅನ್ನ, ತಿಳಿಸಾರು, ಮೊಸರು, ಕೊನೆಗೆ ಒಂದೆರಡು ಬಾಳೆಹಣ್ಣು. ಮುದ್ದೆ, ಕಾಳುಪಲ್ಯ, ಸೊಪ್ಪು ಅಂದು ಇಲ್ಲ. ರಾಗಿಯಲ್ಲಿ ನಾರಿನಂಶ ಹೆಚ್ಚು. ಊಟವಿಲ್ಲದೆ ಮಧ್ಯಾಹ್ನದವರೆಗೆ ತಡೆಯುವ ಅದೇ ಗುಣ, ನಸುಕಿನಲ್ಲಿ ಸೈಕಲ್ ಮೇಲೆ ಬಾಗಿ ಕುಳಿತವನ ಹೊಟ್ಟೆಗೆ ಭಾರ. ಮುದ್ದೆಯ ಜಾಗ ವಿಶ್ರಾಂತಿಯ ದಿನದ ಮಧ್ಯಾಹ್ನ.

ಭಾನುವಾರ ಬೆಳಿಗ್ಗೆ ನಾಲ್ಕೂವರೆಗೆ ಬ್ರೆಡ್ಡಿಗೆ ಜಾಮ್ ಸವರಿ ಕಾಫಿಯೊಂದಿಗೆ ತಿಂದು ಹೊರಡುತ್ತೇನೆ. ದಾರಿಯಲ್ಲಿ ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್ ನನ್ನ ಗುರಿ. 750 ಮಿಲಿಲೀಟರ್ ಬಾಟಲಿಗೆ 45 ಗ್ರಾಂ ಸಕ್ಕರೆ, ಕಾಲು ಚಮಚ ಉಪ್ಪು, ಅರ್ಧ ನಿಂಬೆಹಣ್ಣಿನ ರಸ. ಜೊತೆಗೆ ಒಂದು ಏಲಕ್ಕಿ ಬಾಳೆ. ಸಕ್ಕರೆಯಲ್ಲಿ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್ ಇದ್ದು, ಅವೆರಡೂ ಕರುಳಿನಲ್ಲಿ ಬೇರೆ ಬೇರೆ ದಾರಿಯಿಂದ ಹೀರಲ್ಪಡುವುದರಿಂದ ಇಷ್ಟು ಪ್ರಮಾಣ ಹೊಟ್ಟೆಯಲ್ಲಿ ಕೂರುವುದಿಲ್ಲ. ಆದರೂ ಮೊದಲ ವಾರವೇ ಗಂಟೆಗೆ 60 ಗ್ರಾಂ ಹಾಕಿದರೆ ಹಲವರಿಗೆ ಹೊಟ್ಟೆ ಉಬ್ಬರಿಸುತ್ತದೆ. 30ರಿಂದ ಆರಂಭಿಸಿ ಕೆಲವು ವಾರಗಳಲ್ಲಿ ಏರಿಸುವುದು ಮೇಲು. ಬೆಟ್ಟ ಇಳಿದ ಮೇಲೆ ಗೆಳೆಯರೆಲ್ಲ ಬೆಣ್ಣೆ ದೋಸೆಗೆ ನಿಲ್ಲುವುದು ವಾಡಿಕೆ. ನಾನೂ ನಿಲ್ಲುತ್ತೇನೆ, ಆದರೆ ಇಡ್ಲಿ ಹೇಳುತ್ತೇನೆ; ಜಿಡ್ಡು ತಿಂದು ಇನ್ನೆರಡು ಗಂಟೆ ತುಳಿಯುವುದು ನನಗೆ ಒಗ್ಗದು.

ಇಷ್ಟೆಲ್ಲ ಮಾಡಿದರೂ ಭಾನುವಾರದ ಸೇವನೆ 3,150ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಉಳಿದ 950ರಲ್ಲಿ ಅರ್ಧವನ್ನು ಶನಿವಾರ ರಾತ್ರಿ ಹೆಚ್ಚಿಗೆ ತಿಂದಿರುತ್ತೇನೆ, ಉಳಿದರ್ಧವನ್ನು ಸೋಮವಾರ ತಿನ್ನುತ್ತೇನೆ. ಖಾಲಿಯಾದ ಸ್ನಾಯುಗಳಲ್ಲಿ ಕಾರ್ಬೋಹೈಡ್ರೇಟಿನ ದಾಸ್ತಾನಾದ ಗ್ಲೈಕೊಜೆನ್ ಮರಳಿ ತುಂಬಲು ಸುಮಾರು ಒಂದು ದಿನ ಬೇಕು. ಆದ್ದರಿಂದ ನನಗೆ ಸೋಮವಾರ ವಿಶ್ರಾಂತಿಯ ದಿನವೇ ಹೊರತು ಪಥ್ಯದ ದಿನವಲ್ಲ. ಸೋಮವಾರ ಉಪವಾಸ ಮಾಡುವವರು ದೀರ್ಘ ಸವಾರಿಯನ್ನು ಶನಿವಾರಕ್ಕೆ, ಇಂಟರ್ವಲ್ಲನ್ನು ಬುಧವಾರಕ್ಕೆ ಸರಿಸಿಕೊಂಡರೆ ವ್ರತವೂ ಉಳಿಯುತ್ತದೆ. ಸೋಮವಾರ ಬೆಳಿಗ್ಗೆ ತಕ್ಕಡಿ ಒಂದು ಕಿಲೋ ಕಡಿಮೆ ತೋರಿಸಿದರೆ ಹಿಗ್ಗಬೇಕಾಗಿಲ್ಲ. ಒಂದು ಗ್ರಾಂ ಗ್ಲೈಕೊಜೆನ್ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಇಳಿದದ್ದರಲ್ಲಿ ಬಹುಪಾಲು ಅದೇ.

ಕೊರತೆ ಉಳಿದಿದೆಯೇ ಎಂಬುದನ್ನು ಮಂಗಳವಾರ ಹೇಳುತ್ತದೆ. ಎಷ್ಟು ತುಳಿದರೂ ವಾಟ್ ಏರದೆ, ಎದೆಬಡಿತವೂ ಎಂದಿನಷ್ಟು ಮೇಲೇರದೆ, ಕಾಲು ಮಾತ್ರ ಸೋತಂತೆನಿಸಿದರೆ ಅದು ಬಹುಮಟ್ಟಿಗೆ ಖಾಲಿ ಸ್ನಾಯುಗಳ ಲಕ್ಷಣ. ಜ್ವರದ ಮುನ್ಸೂಚನೆಯೂ ಹಾಗೆಯೇ ತೋರಬಹುದು, ಆದ್ದರಿಂದ ಹಿಂದಿನೆರಡು ದಿನದ ಊಟವನ್ನು ನೆನಪಿಸಿಕೊಂಡು ನೋಡಬೇಕು. ನಡುರಾತ್ರಿ ಹಸಿವಿನಿಂದ ಎಚ್ಚರವಾಗುವುದು ಇನ್ನೊಂದು ಗುರುತು. ಭಾನುವಾರದಂತಹ ಒಂದು ದಿನದ ಕೊರತೆಯನ್ನು ದೇಹ ತಡೆದುಕೊಳ್ಳುತ್ತದೆ. ವಾರಗಟ್ಟಲೆ ಮುಂದುವರಿದರೆ ಹಾರ್ಮೋನು, ಮೂಳೆಗಳಿಗೆ ಪೆಟ್ಟು ಬೀಳುತ್ತದೆ. ಮಹಿಳೆಯರಲ್ಲಿ ಮುಟ್ಟು ತಪ್ಪಿದರೆ ಅನ್ನದ ಅಳತೆ ತಿದ್ದುತ್ತಾ ಕೂರದೆ ವೈದ್ಯರನ್ನು ಕಾಣಬೇಕು.

ಪವರ್ ಮೀಟರ್ ಇಲ್ಲದವರು ಫೋನಿನ ಆ್ಯಪ್ ಹೇಳುವ ಕ್ಯಾಲೊರಿಯನ್ನು ಎಚ್ಚರದಿಂದ ಓದಬೇಕು, ಏಕೆಂದರೆ ಗುಂಪಿನಲ್ಲಿ ಇನ್ನೊಬ್ಬರ ಹಿಂದೆ ಗಾಳಿ ತಪ್ಪಿಸಿಕೊಂಡು ಹೋದದ್ದು ಅದಕ್ಕೆ ತಿಳಿಯುವುದಿಲ್ಲ. ನನ್ನ ತೂಕದ ಹವ್ಯಾಸಿ ಸವಾರರಿಗೆ ಹಗುರವಾಗಿ ತುಳಿದ ಗಂಟೆಗೆ 350, ಕಠಿಣ ಗಂಟೆಗೆ 500 ಎಂದಿಟ್ಟುಕೊಂಡು ಆರಂಭಿಸಿ, ಮಂಗಳವಾರದ ಕಾಲುಗಳನ್ನು ನೋಡಿ ತಿದ್ದಿಕೊಳ್ಳಿ ಎಂದು ನಾನು ಹೇಳುತ್ತೇನೆ.