ರಾಜೀನಾಮೆ ಬರ್ದು ಕೊಡು ಅಂದ್ರು, ನಾನು ಬರೀಲಿಲ್ಲ: ಮೊದಲ ಕೆಲಸ ಹೋದಾಗ ನಾನು ಮಾಡಿದ್ದು

ಕುಶಾಲನಗರದ ಹತ್ರ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ 2022ರ ಜನವರಿ 3ಕ್ಕೆ ಸೇರ್ಕೊಂಡೆ, ಅದೇ ನನ್ನ ಮೊದಲನೇ ಕೆಲಸ. ಆರ್ಡರ್‌ನಲ್ಲಿ ‘ಸ್ಟೋರ್ ಸೂಪರ್‌ವೈಸರ್’ ಅಂತ ಇತ್ತು, ಸಂಬಳ ಕೊನೆಗೆ 16,000 ಆಗಿತ್ತು. 2024ರ ಆಗಸ್ಟ್ 30, ಶುಕ್ರವಾರ, ಕೈಲ್‌ಪೊಳ್ದ್ ಹಬ್ಬಕ್ಕೆ ನಾಲ್ಕೇ ದಿನ ಇದೆ, ಮಧ್ಯಾಹ್ನ ಮ್ಯಾನೇಜರ್ ಒಳಗೆ ಕರೆದ್ರು. ಮಳೆಗಾಲ, ಲೋಡ್ ಬರ್ತಿಲ್ಲ, ಜನ ಕಡಿಮೆ ಮಾಡ್ಬೇಕು ಅಂತ ಓನರ್ ಹೇಳಿದಾರೆ, ನೀನೇ ರಾಜೀನಾಮೆ ಬರ್ದು ಕೊಟ್ರೆ ಒಂದು ತಿಂಗಳ ಸಂಬಳ ಜಾಸ್ತಿ ಹಾಕ್ತೀವಿ, ಎಕ್ಸ್‌ಪೀರಿಯೆನ್ಸ್ ಸರ್ಟಿಫಿಕೇಟೂ ಕೊಡ್ತೀವಿ ಅಂದ್ರು. ಟೈಪ್ ಮಾಡಿದ ಹಾಳೆ ಟೇಬಲ್ ಮೇಲೇ ಇತ್ತು, ‘ನನ್ನ ವೈಯಕ್ತಿಕ ಕಾರಣಗಳಿಂದ’ ಅಂತ ಶುರುವಾಗಿತ್ತು. ಮನೇಲಿ ಕೇಳಿ ನಾಳೆ ಹೇಳ್ತೀನಿ ಸರ್ ಅಂದು ಎದ್ದು ಬಂದೆ.

ಸಂಜೆ ಸುಂಟಿಕೊಪ್ಪದಲ್ಲಿರೋ ಮಾವನಿಗೆ ಫೋನ್ ಮಾಡಿದೆ, ಅವ್ರು ಬಹಳ ವರ್ಷ ಎಸ್ಟೇಟ್ ಯೂನಿಯನ್‌ನಲ್ಲಿ ಓಡಾಡಿದವ್ರು. ಅವ್ರು ಕೇಳಿದ ಮೊದಲ ಮಾತು, ‘ಸೈನ್ ಹಾಕಿದ್ಯಾ ಮಗ?’ ಇಲ್ಲ ಮಾವ ಅಂದೆ. ‘ಹಾಗಾದ್ರೆ ನಿನ್ನ ಕೈಯಲ್ಲಿ ಎಲ್ಲಾ ಇನ್ನೂ ಇದೆ’ ಅಂದ್ರು.

ಆಮೇಲೆ ಅವ್ರು ಬಿಡಿಸಿ ಹೇಳಿದ್ದು ಇದು. ತಪ್ಪು ಮಾಡಿದಾನೆ ಅಂತ ತೆಗೀಬೇಕಾದ್ರೆ ಆರೋಪ ಪಟ್ಟಿ ಕೊಟ್ಟು ವಿಚಾರಣೆ ಮಾಡ್ಬೇಕು. ತಪ್ಪೇನೂ ಇಲ್ದೆ ಜನ ಜಾಸ್ತಿ ಆದ್ರು ಅಂತ ತೆಗೆದ್ರೆ ಅದು ರಿಟ್ರೆಂಚ್‌ಮೆಂಟ್, ಅದಕ್ಕೆ ಲೆಕ್ಕ ಬೇರೆ. ನಾನಾಗೇ ಬಿಟ್ಟೆ ಅಂತ ಬರ್ದು ಕೊಟ್ಬಿಟ್ರೆ ಈ ಎರಡೂ ಇಲ್ಲ, ಬಲವಂತವಾಗಿ ಬರೆಸಿದ್ರು ಅಂತ ಆಮೇಲೆ ಸಾಬೀತು ಮಾಡೋ ಹೊರೆ ನನ್ನ ತಲೆ ಮೇಲೆ ಬರುತ್ತೆ. ಅವ್ರು ಆ ಹಾಳೆ ಮೊದ್ಲೇ ಟೈಪ್ ಮಾಡಿಟ್ಟಿದ್ದು ಇದಕ್ಕೇ.

ಶನಿವಾರ ಬೆಳಿಗ್ಗೆ ಹೋದ್ರೆ ಗೇಟಲ್ಲೇ ಸೆಕ್ಯೂರಿಟಿ ತಡೆದ, ಒಳಗೆ ಬಿಡಬೇಡ ಅಂದಿದಾರೆ ಅಣ್ಣ ಅಂತ. ಇಲ್ಲಿ ಮನೆಗೆ ಹೋಗಿ ಸುಮ್ನೆ ಕೂತಿದ್ರೆ ನಾನು ಕೆಡ್ತಿದ್ದೆ, ಯಾಕಂದ್ರೆ ಆಮೇಲೆ ‘ಅವನೇ ಬರೋದು ನಿಲ್ಲಿಸಿದ’ ಅನ್ನೋದು ಮಾಮೂಲಿ ಉತ್ತರ. ಗೇಟ್ ಮುಂದೆ ನಿಂತೇ ಮ್ಯಾನೇಜರ್‌ಗೆ ವಾಟ್ಸಾಪ್ ಹಾಕಿದೆ: ಸರ್, ಬೆಳಿಗ್ಗೆ 8.40ಕ್ಕೆ ಡ್ಯೂಟಿಗೆ ಬಂದಿದೀನಿ, ಒಳಗೆ ಬಿಡ್ತಿಲ್ಲ, ನಾನು ರಾಜೀನಾಮೆ ಕೊಟ್ಟಿಲ್ಲ, ಕೆಲಸ ಮಾಡೋಕೆ ರೆಡಿ ಇದೀನಿ. ಇದನ್ನೇ ಇಮೇಲ್ ಮಾಡಿದೆ, ಸೋಮವಾರ ಅಂಚೆ ಕಚೇರಿಗೆ ಹೋಗಿ ರಿಜಿಸ್ಟರ್ಡ್ ಪೋಸ್ಟ್‌ನಲ್ಲೂ ಕಳಿಸಿದೆ, ವಾಪಸ್ ಬರೋ ಸ್ವೀಕೃತಿ ಕಾರ್ಡ್ ಸಮೇತ. ಮುಂದೆ ಇಡೀ ವ್ಯವಹಾರದಲ್ಲಿ ಕೆಲಸಕ್ಕೆ ಬಂದಿದ್ದು ಆ ಕಾರ್ಡೇ.

ಈಗ ಲೆಕ್ಕ. ಆಗ ಇದ್ದಿದ್ದು 1947ರ ಕೈಗಾರಿಕಾ ವಿವಾದಗಳ ಕಾಯ್ದೆ, ಅದ್ರ 25ಎಫ್ ಕಲಂ. ಒಂದು ವರ್ಷ ಸತತ ಸೇವೆ ಆಗಿರ್ಬೇಕು, ಅಂದ್ರೆ ಹಿಂದಿನ 12 ತಿಂಗಳಲ್ಲಿ 240 ದಿನ, ಸಂಬಳ ಕೊಟ್ಟ ಭಾನುವಾರ, ಹಬ್ಬದ ರಜೆನೂ ಇದ್ರಲ್ಲಿ ಸೇರುತ್ತೆ. ಅಂಥವ್ರನ್ನ ತೆಗೀಬೇಕಾದ್ರೆ ಕಾರಣ ಬರೆದು ಒಂದು ತಿಂಗಳ ನೋಟಿಸ್ ಕೊಡ್ಬೇಕು, ಇಲ್ಲ ಆ ತಿಂಗಳ ಸಂಬಳ ಕೊಡ್ಬೇಕು. ನನ್ನ ಆರ್ಡರ್‌ನಲ್ಲಿ ನೋಟಿಸ್ 15 ದಿನ ಅಂತ ಇತ್ತು, ಅದು ನಡೆಯಲ್ಲ, ಕಾಯ್ದೆಗಿಂತ ಕಡಿಮೆ ಬರ್ಕೊಂಡ್ರೆ ಕಾಯ್ದೆನೇ ಗೆಲ್ಲುತ್ತೆ. ಜೊತೆಗೆ ತುಂಬಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಸಂಬಳ ಪರಿಹಾರ, ಮೇಲೆ ಆರು ತಿಂಗಳು ದಾಟಿದ್ರೆ ಅದೂ ಒಂದು ವರ್ಷ. ನಂದು ಎರಡು ವರ್ಷ, ಹತ್ರ ಹತ್ರ ಎಂಟು ತಿಂಗಳು, ಹಾಗಾಗಿ ಮೂರು. ತಿಂಗಳ ಸಂಬಳದವ್ರಿಗೆ 15 ದಿನ ಅಂದ್ರೆ ಅರ್ಧ ಸಂಬಳ, 8,000. ಮೂರು ಸಲ 24,000, ನೋಟಿಸ್‌ದು 16,000, ಒಟ್ಟು 40,000. ಇದೆಲ್ಲ ಕೊಟ್ಟ ಮೇಲೆ ತೆಗೀಬೇಕು, ತೆಗೆದು ಆಮೇಲೆ ಕೊಡ್ತೀವಿ ಅಂದ್ರೆ ತೆಗೆದಿದ್ದೇ ಕಾನೂನುಬಾಹಿರ ಆಗುತ್ತೆ. ಅವ್ರು ನಂಗೆ ತೋರ್ಸಿದ್ದು 16,000.

ಎರಡು ವಾರ ಆದ್ಮೇಲೆ ಆ 16,000 ಅಕೌಂಟಿಗೆ ಬಂತು, ‘ಫುಲ್ ಅಂಡ್ ಫೈನಲ್’ ಅಂತ ಮೆಸೇಜೂ ಬಂತು. ನಾನು ವಾಪಸ್ ಕಳಿಸಲಿಲ್ಲ, ಅವತ್ತೇ ಉತ್ತರ ಬರೆದೆ: ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇನೆ, ಬಾಕಿ ಹಕ್ಕುಗಳನ್ನು ಬಿಟ್ಟುಕೊಟ್ಟಿಲ್ಲ. ಒಂದೇ ಸಾಲು, ಆದ್ರೆ ಬೇಕೇ ಬೇಕು.

ಮಡಿಕೇರಿ ಕಾರ್ಮಿಕ ಇಲಾಖೆ ಕಚೇರಿಗೆ ಬಸ್ಸಲ್ಲಿ ಹೋಗಿ ಅರ್ಜಿ ಕೊಟ್ಟೆ, ರಾಜಿ ಸಂಧಾನಕ್ಕೆ ಎರಡೂ ಕಡೆಯವ್ರನ್ನ ಕರೆದ್ರು. ಮೊದಲ ಸಿಟ್ಟಿಂಗಲ್ಲೇ ಕಂಪನಿಯವ್ರು ದೊಡ್ಡ ಕಲ್ಲು ಎತ್ತಿ ಹಾಕಿದ್ರು: ಇವ್ರು ಸೂಪರ್‌ವೈಸರ್, ಹತ್ತು ಸಾವಿರಕ್ಕಿಂತ ಜಾಸ್ತಿ ಸಂಬಳ, ಇವ್ರು ‘ವರ್ಕ್‌ಮನ್’ ಅಲ್ವೇ ಅಲ್ಲ, ಈ ಕಾಯ್ದೆ ಇವ್ರಿಗೆ ಬರಲ್ಲ. ನನ್ನ ಎದೆ ಧಸಕ್ ಅಂತು. ಆದ್ರೆ ನೋಡೋದು ಹುದ್ದೆ ಹೆಸರಲ್ಲ, ದಿನಾ ಏನು ಕೆಲಸ ಮಾಡ್ತಾರೆ ಅನ್ನೋದು. ಮುಂದಿನ ಸಲ ಮೊಬೈಲ್‌ನಲ್ಲಿದ್ದ ರಿಜಿಸ್ಟರ್ ಫೋಟೋಗಳ ಪ್ರಿಂಟ್ ತಗೊಂಡು ಹೋದೆ, ಅವ್ರಿಗೇ ದಿನಾ ಸಂಜೆ ವಾಟ್ಸಾಪ್‌ನಲ್ಲಿ ಕಳಿಸ್ತಿದ್ದೆ ನೋಡಿ ಅದೇ. ಲಾರಿ ನಂಬರ್, ಚೆರ್ರಿ ಎಷ್ಟು ಚೀಲ, ಪಾರ್ಚ್‌ಮೆಂಟ್ ಎಷ್ಟು ಚೀಲ, ತೂಕ, ಮಾಯಿಶ್ಚರ್ ಮೀಟರ್ ರೀಡಿಂಗ್, ಎಲ್ಲಾ ನನ್ನ ಕೈಬರಹ. ಅಧಿಕಾರಿ ನನ್ನನ್ನ ಕೇಳಿದ್ದು ಮೂರೇ: ಯಾರಿಗಾದ್ರೂ ರಜೆ ಮಂಜೂರು ಮಾಡ್ತಿದ್ರಾ? ಯಾರಿಗಾದ್ರೂ ಮೆಮೋ ಕೊಟ್ಟಿದ್ರಾ? ನಿಮ್ಮ ಕೆಳಗೆ ಎಷ್ಟು ಜನ? ಇಲ್ಲ, ಇಲ್ಲ, ಯಾರೂ ಇಲ್ಲ ಸರ್. ಗುಮಾಸ್ತೆ ಕೆಲಸ ಅದು, ಅಷ್ಟೇ. ಆಮೇಲೆ ಕಂಪನಿಯವ್ರು ಆ ಮಾತು ಎತ್ತಲೇ ಇಲ್ಲ.

ಇನ್ನೊಂದು, 2023ರಲ್ಲಿ ಸೇರಿದ ಹುಡುಗ ನನ್ನದೇ ಕೆಲಸದಲ್ಲಿ ಅಲ್ಲೇ ಇದ್ದ. ಒಂದೇ ಥರದ ಕೆಲಸದಲ್ಲಿ ಸಾಮಾನ್ಯವಾಗಿ ಕೊನೆಗೆ ಬಂದವ್ರು ಮೊದಲು ಹೋಗ್ಬೇಕು, ಬೇರೆ ಮಾಡೋದಾದ್ರೆ ಕಾರಣ ಬರೆದಿಡ್ಬೇಕು, ಅವ್ರ ಹತ್ರ ಬರೆದಿದ್ದು ಏನೂ ಇರ್ಲಿಲ್ಲ. ಆ ಹುಡುಗನ ಕೆಲಸ ಹೋಗ್ಲಿ ಅಂತ ನಾನು ಕೇಳ್ಲಿಲ್ಲ, ಅವನ ತಪ್ಪೇನಿದೆ.

ಅರ್ಜಿ ಕೊಟ್ಟು 45 ದಿನ ಆದ್ರೂ ಬಗೆಹರಿಯದಿದ್ರೆ ನೇರ ಲೇಬರ್ ಕೋರ್ಟಿಗೆ ಹೋಗಬಹುದಿತ್ತು. ನಾನು ಯೋಚ್ನೆ ಮಾಡ್ದೆ, ಗೆದ್ರೂ ನನ್ನಂಥ ಕಡಿಮೆ ಸರ್ವೀಸ್‌ನವ್ರಿಗೆ ಈಗೀಗ ಕೋರ್ಟ್‌ಗಳು ಕೆಲಸ ವಾಪಸ್ ಕೊಡ್ಸೋ ಬದಲು ಒಂದು ಮೊತ್ತ ಕೊಡ್ಸೋದೂ ಉಂಟು, ವರ್ಷಗಳೂ ಹಿಡಿಯುತ್ತೆ. ಮೂರನೇ ಸಿಟ್ಟಿಂಗಲ್ಲಿ ಒಪ್ಪಂದ ಆಯ್ತು: ಬಾಕಿ 24,000, ಮೇಲೆ ಎರಡು ತಿಂಗಳ ಸಂಬಳ 32,000, ಒಟ್ಟು 56,000, ಸರ್ಟಿಫಿಕೇಟ್‌ನಲ್ಲಿ ‘ಸಿಬ್ಬಂದಿ ಕಡಿತದ ಕಾರಣ’ ಅಂತ ಬರೀಬೇಕು. ಗ್ರಾಚ್ಯುಟಿ ಸಿಗ್ಲಿಲ್ಲ, ಅದಕ್ಕೆ ಐದು ವರ್ಷ ಬೇಕಿತ್ತು.

ಈಗ ಕೆಲಸ ಕಳ್ಕೊಂಡವ್ರು ಗಮನಿಸಿ, 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಒಂದು ತಿಂಗಳ ನೋಟಿಸ್, ವರ್ಷಕ್ಕೆ 15 ದಿನ, ಇವೆರಡೂ ಹಾಗೇ ಇವೆ. ಸೂಪರ್‌ವೈಸರ್ ಸಂಬಳದ ಮಿತಿ ಹತ್ತು ಸಾವಿರ ಇದ್ದಿದ್ದು 18,000 ಆಗಿದೆ, ಅಂದ್ರೆ ನನ್ನ ಆ ಜಗಳ ಈಗ ಹುಟ್ಟುತ್ಲೇ ಇರ್ಲಿಲ್ಲ. ಆದ್ರೆ ಟ್ರಿಬ್ಯುನಲ್‌ಗೆ ಹೋಗೋಕೆ ಮೂರು ವರ್ಷ ಇದ್ದಿದ್ದು ಎರಡಕ್ಕೆ ಇಳಿದಿದೆ, ಆಮೇಲೆ ನೋಡೋಣ ಅಂತ ಇಟ್ಕೋಬೇಡಿ.

ಒಪ್ಪಂದದ ಕರಡಲ್ಲಿ ‘ಮರುನೇಮಕ ಕೇಳುವಂತಿಲ್ಲ’ ಅಂತ ಒಂದು ಸಾಲು ಸೇರಿಸಿದ್ರು, ಅದನ್ನ ಹೊಡೆಸಿ ಹಾಕಿಸಿದ್ದೆ, ಯಾಕಂದ್ರೆ ಮತ್ತೆ ಜನ ಬೇಕಾದಾಗ ತೆಗೆದವ್ರನ್ನ ಮೊದಲು ಕರೀಬೇಕು. ಡಿಸೆಂಬರ್‌ನಲ್ಲಿ ಹೊಸ ಕಾಫಿ ಬರೋಕೆ ಶುರುವಾದಾಗ ಅವ್ರ ಕಾಗದ ಬಂತು, ಕೆಲಸಕ್ಕೆ ಬರ್ತೀರಾ ಅಂತ. ಅಷ್ಟೊತ್ತಿಗೆ ನಾನು ಸುಂಟಿಕೊಪ್ಪದಲ್ಲಿ ಬೇರೆ ಕಡೆ ಸೇರಿದ್ದೆ, ಬರಲ್ಲ ಅಂತ ರಿಜಿಸ್ಟರ್ಡ್ ಪೋಸ್ಟ್‌ನಲ್ಲೇ ಉತ್ತರ ಕಳಿಸಿದೆ.