ವಿನೀತಾ ಶರ್ಮಾ ತೀರ್ಪನ್ನು ಕಕ್ಷಿದಾರರಿಗಾಗಿ ಒಂದು ಕಂಡಿಕೆಗೆ ಇಳಿಸಿದ್ದು: ನನ್ನ ಅನುಭವ

ಪಾಲಿನ ದಾವೆಗಳೇ ಹೆಚ್ಚಾಗಿರುವ ತಾಲ್ಲೂಕು ನ್ಯಾಯಾಲಯದಲ್ಲಿ ವಕೀಲಿ ಮಾಡುವ ನನಗೆ, ವಿನೀತಾ ಶರ್ಮಾ ವಿರುದ್ಧ ರಾಕೇಶ್ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಕೊಟ್ಟ ತೀರ್ಪನ್ನು ಕಕ್ಷಿದಾರರಿಗೆ ತಿಳಿಸಿ ಹೇಳುವ ಸಂದರ್ಭ ಮತ್ತೆ ಮತ್ತೆ ಬರುತ್ತದೆ. ತೀರ್ಪು ನೂರಕ್ಕೂ ಹೆಚ್ಚು ಪುಟಗಳದ್ದು. ಕಕ್ಷಿದಾರರಿಗೆ ಬೇಕಾಗಿರುವುದು ಮನೆಗೆ ಕೊಂಡೊಯ್ದು ಅಣ್ಣತಮ್ಮಂದಿರ ಎದುರು ಓದಿ ಹೇಳಬಹುದಾದ ಒಂದು ಕಂಡಿಕೆ. ಬಾಯಲ್ಲಿ ಹೇಳಿದ್ದು ಮನೆ ಮುಟ್ಟುವಷ್ಟರಲ್ಲಿ ಬೇರೆಯೇ ಆಗಿರುತ್ತದೆಯಾದ್ದರಿಂದ ನಾನು ಅದನ್ನು ಬರೆದೇ ಕೊಡುತ್ತೇನೆ.

ಬರೆಯುವ ಮುನ್ನ ನಾನು ಗೊತ್ತುಮಾಡಿಕೊಳ್ಳುವುದು ನ್ಯಾಯಾಲಯದ ಮುಂದಿದ್ದ ಪ್ರಶ್ನೆ ಯಾವುದು ಎಂಬುದನ್ನು. "ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಸಮಪಾಲು" ಎಂಬುದು ಈ ತೀರ್ಪು ಹೊಸದಾಗಿ ಕೊಟ್ಟದ್ದಲ್ಲ. ಅದನ್ನು ಕೊಟ್ಟದ್ದು 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ಕಾಯಿದೆಯ ತಿದ್ದುಪಡಿ. ಆ ದಿನಕ್ಕೆ ಮುಂಚೆಯೇ ತಂದೆ ತೀರಿಕೊಂಡಿದ್ದರೆ ಮಗಳಿಗೆ ಆ ಹಕ್ಕು ಉಂಟೇ ಇಲ್ಲವೇ ಎಂಬುದೇ ಇಲ್ಲಿನ ಪ್ರಶ್ನೆ. ನಮ್ಮ ಕರ್ನಾಟಕದಿಂದಲೇ ಹೋದ ಎರಡು ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟಿನ ಇಬ್ಬಿಬ್ಬರು ನ್ಯಾಯಮೂರ್ತಿಗಳ ಪೀಠಗಳು ಎರಡು ದಿಕ್ಕಿಗೆ ನಡೆದಿದ್ದವು. 2015ರ ಫೂಲಾವತಿ ಪ್ರಕರಣದಲ್ಲಿ ತಂದೆಯೂ ಮಗಳೂ ಆ ದಿನ ಬದುಕಿರಬೇಕು ಎಂದಾಯಿತು; 2018ರ ದಾನಮ್ಮ ಪ್ರಕರಣದಲ್ಲಿ 2001ರಲ್ಲಿಯೇ ತಂದೆ ತೀರಿಕೊಂಡಿದ್ದರೂ ಹೆಣ್ಣುಮಕ್ಕಳಿಗೆ ಪಾಲು ಸಿಕ್ಕಿತು. ಈ ಗೊಂದಲವನ್ನು ಬಗೆಹರಿಸಲೆಂದೇ ವಿಷಯ ಮೂವರು ನ್ಯಾಯಮೂರ್ತಿಗಳ ಪೀಠಕ್ಕೆ ಹೋಯಿತು. ಪ್ರಶ್ನೆಯನ್ನು ಹೀಗೆ ಒಂದೇ ವಾಕ್ಯಕ್ಕೆ ತಂದುಕೊಂಡರೆ ತೀರ್ಪಿನ ಬಹುಪಾಲು ಪುಟಗಳಲ್ಲಿ ಯಾವುದನ್ನು ಬಿಡಬಹುದು ಎಂಬುದು ತಾನಾಗಿ ಕಾಣುತ್ತದೆ.

ಉತ್ತರ ಸಿಗುವುದು ಕೊನೆಯಲ್ಲಿ, 129ನೆಯ ಕಂಡಿಕೆಯಲ್ಲಿ. ಅದನ್ನು ಮೊದಲು ಓದಿ ಆಮೇಲೆ ಹಿಂದಕ್ಕೆ ಹೋಗುವುದು ನನ್ನ ರೂಢಿ, ಏಕೆಂದರೆ ಮೊದಲಿನಿಂದ ಓದುತ್ತ ಬಂದವರು ವಕೀಲರ ವಾದವನ್ನೋ ಹಳೆಯ ತೀರ್ಪಿನಿಂದ ಎತ್ತಿಕೊಂಡ ಮಾತನ್ನೋ ಈ ಪೀಠದ ನಿರ್ಣಯವೆಂದು ತಿಳಿಯುವ ಸಂಭವ ಹೆಚ್ಚು. ತಂದೆ ಬದುಕಿರಲೇಬೇಕು ಎಂಬ ವಾದ ಪುಟಗಟ್ಟಲೆ ಇದೆ. ಆ ಪುಟಗಳನ್ನಷ್ಟೇ ನೋಡಿದವರು ಮಗಳಿಗೆ ಪಾಲಿಲ್ಲ ಎಂದೇ ಹೇಳಿಯಾರು. ಹಾಗೆಯೇ, ಮಗಳು ಜೀವನವಿಡೀ ಮಗಳೇ ಎಂಬ ಅರ್ಥದ ಮಾತು ಅಂದು ಪತ್ರಿಕೆಗಳ ತಲೆಬರಹವಾಯಿತು. ಮಾತು ಚೆನ್ನಾಗಿದೆ, ಆದರೆ ತೀರ್ಪು ನಿಂತಿರುವುದು ಅದರ ಮೇಲಲ್ಲ. ಅದನ್ನು ತೆಗೆದುಹಾಕಿದರೂ ನಿರ್ಣಯ ಅಲುಗಾಡುವುದಿಲ್ಲ, ಆದ್ದರಿಂದ ನನ್ನ ಕಂಡಿಕೆಯಲ್ಲಿ ಅದಕ್ಕೆ ಜಾಗವಿಲ್ಲ.

ನಿರ್ಣಯವನ್ನು ಹೊತ್ತಿರುವ ಕಾರಣಗಳು ಎರಡೇ ಎಂಬುದು ನನ್ನ ಓದು. ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹಕ್ಕು ಬರುವುದು ತಂದೆಯ ಸಾವಿನಿಂದಲ್ಲ, ತನ್ನ ಹುಟ್ಟಿನಿಂದ. ತಿದ್ದುಪಡಿಯಾದ 6ನೆಯ ಕಲಮು ಮಗಳಿಗೂ ಅದನ್ನೇ ಹುಟ್ಟಿನಿಂದ ಕೊಟ್ಟಿದೆ. ಹೀಗಿರುವಾಗ ತಂದೆ ಯಾವಾಗ ತೀರಿಕೊಂಡರು ಎಂಬುದು ಅಪ್ರಸ್ತುತ. ಇದು ಮೊದಲನೆಯದು. ಎರಡನೆಯದು ಎದುರು ಪಕ್ಷದ ಬಲವಾದ ವಾದಕ್ಕೆ ಕೊಟ್ಟ ಉತ್ತರ. ಹಳೆಯ ಕಾನೂನಿನ ಪ್ರಕಾರ, ಹೆಂಡತಿಯನ್ನೋ ಮಗಳನ್ನೋ ಬಿಟ್ಟು ಒಬ್ಬರು ತೀರಿಕೊಂಡಾಗ, ಸಾವಿಗೆ ಮುನ್ನವೇ ಪಾಲಾಗಿತ್ತು ಎಂದು ಭಾವಿಸಿಕೊಂಡು ಅವರ ಭಾಗವನ್ನು ಲೆಕ್ಕ ಹಾಕಲಾಗುತ್ತಿತ್ತು. ಅಲ್ಲಿಗೇ ಕುಟುಂಬ ಒಡೆದಿದೆ, ಮಗಳಿಗೆ ಸೇರಲು ಏನೂ ಉಳಿದಿಲ್ಲ ಎಂಬುದು ಆ ವಾದ. ಅದು ಸತ್ತವರ ಭಾಗವನ್ನು ಗೊತ್ತುಮಾಡಲು ಮಾಡಿಕೊಂಡ ಕಲ್ಪನೆ ಮಾತ್ರ, ನಿಜವಾದ ವಿಭಾಗವಲ್ಲ ಎಂದು ಪೀಠ ಹೇಳಿತು. ಸಾಮಾನ್ಯ ಓದುಗರಿಗೆ ಈ ಎರಡನೆಯ ಕಾರಣ ಬೇಡ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ, ಏಕೆಂದರೆ ಅಣ್ಣಂದಿರು ಎತ್ತುವ ಮೊದಲ ತಕರಾರೇ "ಅಪ್ಪ ಹೋದಾಗಲೇ ಎಲ್ಲ ಮುಗಿದಿದೆ" ಎಂಬುದು.

ಒಂದು ಉದಾಹರಣೆ ಹೇಳುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ತಂದೆ 1998ರಲ್ಲಿ ತೀರಿಕೊಂಡಿದ್ದರು. ಇಬ್ಬರು ಗಂಡುಮಕ್ಕಳು, 1990ರಲ್ಲಿ ಮದುವೆಯಾದ ಒಬ್ಬ ಮಗಳು. ಅಜ್ಜನ ಕಾಲದ ಜಮೀನು. "ನಮ್ಮಣ್ಣ ಬಾಯಿಮಾತಲ್ಲೇ ಭಾಗ ಆಗೋಗಿದೆ ಅಂತಾನೆ ಸಾರ್, ಕಾಗದ ಏನೂ ಇಲ್ಲ" ಎಂದು ಆಕೆ ಹೇಳಿದರು. ಮದುವೆಯ ವರ್ಷವೂ ಇಲ್ಲಿ ಮುಖ್ಯ. ಕರ್ನಾಟಕದ 1994ರ ತಿದ್ದುಪಡಿ ಅದಕ್ಕೆ ಮೊದಲು ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು, ಹಳ್ಳಿಗಳಲ್ಲಿ ಇನ್ನೂ ಅದನ್ನೇ ನಂಬಿರುವವರಿದ್ದಾರೆ. 2005ರ ಕಾನೂನಿನಲ್ಲಿ ಆ ಭೇದವಿಲ್ಲ. ಅವರಿಗೆ ಬರೆದುಕೊಟ್ಟ ಕಂಡಿಕೆ ಇದು:

"ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಇರುವಷ್ಟೇ ಹಕ್ಕು ಮಗಳಿಗೂ ಇದೆ, 2005ರ ಸೆಪ್ಟೆಂಬರ್ 9ಕ್ಕೆ ಮೊದಲೇ ತಂದೆ ತೀರಿಕೊಂಡಿದ್ದರೂ, ಮಗಳಿಗೆ ಮದುವೆಯಾಗಿದ್ದರೂ ಆ ಹಕ್ಕು ಹೋಗುವುದಿಲ್ಲ. ಈ ಹಕ್ಕು ಹುಟ್ಟಿನಿಂದ ಬರುವುದರಿಂದ ತಂದೆ ಆ ದಿನ ಬದುಕಿದ್ದರೇ ಎಂದು ಕೇಳಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ತಂದೆಯ ಸಾವಿನೊಂದಿಗೇ ಆಸ್ತಿ ಭಾಗವಾಯಿತು ಎಂಬ ವಾದವನ್ನೂ ಅದು ಒಪ್ಪಿಲ್ಲ. ಹಳೆಯ ಕಾನೂನಿನಲ್ಲಿದ್ದ ಅಂಥ ಭಾಗ ಲೆಕ್ಕಕ್ಕಾಗಿ ಮಾತ್ರ. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲು ಆಸ್ತಿಯನ್ನು ಕಾನೂನುಬದ್ಧವಾಗಿ ಮಾರಿದ್ದರೆ, ಅಥವಾ ನೋಂದಾಯಿತ ವಿಭಾಗಪತ್ರದ ಮೂಲಕವೋ ನ್ಯಾಯಾಲಯದ ಡಿಕ್ರಿಯ ಮೂಲಕವೋ ಭಾಗ ಮಾಡಿದ್ದರೆ, ಅದನ್ನು ಈಗ ಕೆದಕುವಂತಿಲ್ಲ. ಬಾಯಿಮಾತಿನ ಭಾಗವನ್ನು ಬರಿಯ ಸಾಕ್ಷಿಗಳ ಹೇಳಿಕೆಯ ಮೇಲೆ ಒಪ್ಪಲಾಗದು. ಸರ್ಕಾರಿ ದಾಖಲೆಗಳು ಅದನ್ನು ಗಟ್ಟಿಯಾಗಿ ಸಮರ್ಥಿಸಿದರೆ ಮಾತ್ರ, ಅಪರೂಪಕ್ಕೆ, ಒಪ್ಪಬಹುದು."

2004ರ ಡಿಸೆಂಬರ್ 20 ಎಂದರೆ ತಿದ್ದುಪಡಿ ಮಸೂದೆ ರಾಜ್ಯಸಭೆಯಲ್ಲಿ ಮಂಡನೆಯಾದ ದಿನ. ಆ ವಿವರವನ್ನು ಕಂಡಿಕೆಯಲ್ಲಿ ಬಿಟ್ಟೆ, ದಿನಾಂಕವನ್ನು ಮಾತ್ರ ಉಳಿಸಿಕೊಂಡೆ. ಮಸೂದೆ ಬಂದ ಸುದ್ದಿ ಕೇಳಿ ಅವಸರವಾಗಿ ಮಾಡಿಕೊಂಡ ಪತ್ರಗಳಿಗೆ ರಕ್ಷಣೆ ಇಲ್ಲ ಎಂಬುದು ಆ ದಿನಾಂಕದಲ್ಲಿಯೇ ಅಡಗಿದೆ. ಪಾಲಿನ ದಾವೆಯಲ್ಲಿ ಪ್ರಾಥಮಿಕ ಡಿಕ್ರಿ ಆಗಿದ್ದರೂ ಅಂತಿಮ ಡಿಕ್ರಿಯ ಹಂತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡಬೇಕು ಎಂಬ ಭಾಗವನ್ನೂ ಸೇರಿಸಲಿಲ್ಲ, ಏಕೆಂದರೆ ಇವರ ಮನೆಯಲ್ಲಿ ಇನ್ನೂ ದಾವೆಯೇ ಹೂಡಿರಲಿಲ್ಲ. ದಾವೆ ನಡೆಯುತ್ತಿರುವವರಿಗೆ ಬರೆಯುವಾಗ ಆ ವಾಕ್ಯವೇ ಮೊದಲು ಬರುತ್ತದೆ. ಎಷ್ಟು ಎಕರೆ, ಎಷ್ಟನೆಯ ಒಂದು ಪಾಲು ಎಂಬುದನ್ನು ಬರೆಯುವುದಿಲ್ಲ; ಪೀಠ ಉತ್ತರಿಸಿದ್ದು ಕಾನೂನಿನ ಪ್ರಶ್ನೆಗೆ, ಇಂಥವರಿಗೆ ಇಷ್ಟು ಎಂದು ಹಂಚಿಕೊಟ್ಟಿಲ್ಲ.

ಬರೆದದ್ದನ್ನು ಕಾನೂನು ಗೊತ್ತಿಲ್ಲದ ಒಬ್ಬರಿಂದ ಓದಿಸಿ, "ಇದರಿಂದ ಯಾರಿಗೆ ಏನು ಸಿಗುತ್ತದೆ, ಯಾವಾಗ ಸಿಗುವುದಿಲ್ಲ, ಏಕೆ" ಎಂದು ಅವರ ಮಾತಿನಲ್ಲೇ ಹೇಳಿಸುತ್ತೇನೆ. ನ್ಯಾಯಾಲಯದ ಎದುರಿನ ಜೆರಾಕ್ಸ್ ಅಂಗಡಿಯವರು ಇದನ್ನು ಓದಿ, "ಹಾಗಾದ್ರೆ ಅಪ್ಪ ಸ್ವಂತ ದುಡಿದು ತಗೊಂಡ ಸೈಟಲ್ಲೂ ಹುಟ್ಟಿನಿಂದಲೇ ಪಾಲು" ಎಂದರು. ಆದ್ದರಿಂದ ಕೊನೆಗೆ ಇಷ್ಟು ಸೇರಿಸಿದೆ: "ತಂದೆಯ ಸ್ವಯಾರ್ಜಿತ ಆಸ್ತಿಗೆ ಈ ತೀರ್ಪು ಅನ್ವಯಿಸುವುದಿಲ್ಲ, ಅದು ಅವರ ಉಯಿಲಿನಂತೆ, ಉಯಿಲಿಲ್ಲದಿದ್ದರೆ ಉತ್ತರಾಧಿಕಾರದ ನಿಯಮದಂತೆ ಹೋಗುತ್ತದೆ."

ಕಂಡಿಕೆಯ ಕೆಳಗೆ ಪ್ರಕರಣದ ಹೆಸರು, ತೀರ್ಪಿನ ದಿನಾಂಕ ಮತ್ತು ನಾನು ಓದಿದ ಪ್ರತಿಯ ಕಂಡಿಕೆ ಸಂಖ್ಯೆಯನ್ನು ಬರೆದಿರುತ್ತೇನೆ. ಸುಪ್ರೀಂ ಕೋರ್ಟಿನ ಪ್ರತಿಗೂ ಕಾನೂನು ವರದಿಗಳ ಮುದ್ರಿತ ಸಂಪುಟಗಳಿಗೂ ಕಂಡಿಕೆಗಳ ಸಂಖ್ಯೆ ಹೊಂದುವುದಿಲ್ಲವಾದ್ದರಿಂದ, ಯಾವ ಪ್ರತಿ ಎಂದು ಹೇಳದಿದ್ದರೆ ಅಣ್ಣಂದಿರ ಕಡೆಯ ವಕೀಲರು ಆ ಸಂಖ್ಯೆಯಲ್ಲಿ ಬೇರೆಯೇ ಮಾತನ್ನು ಕಂಡು, ತೀರ್ಪಿನಲ್ಲಿ ಹಾಗಿಲ್ಲವೇ ಇಲ್ಲ ಎಂದುಬಿಡುತ್ತಾರೆ.