ಬಸ್ಸಿನವರಿಗೆ ಪೆಟ್ರೋಲ್ ಪ್ರಶ್ನೆ ಹೋಗಿತ್ತು

ಬಿಕಾಂ ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು ಆರಿಸಿಕೊಂಡ ವಿಷಯ, ನಮ್ಮ ಕಾಲೇಜಿಗೆ ಹುಡುಗರು ಹೇಗೆ ಬರುತ್ತಾರೆ, ಅದರಿಂದ ಮೊದಲ ಕ್ಲಾಸ್ ಎಷ್ಟು ತಪ್ಪುತ್ತದೆ ಅನ್ನುವುದು. ಬಸ್ಸಿನವರನ್ನು ಕೇಳುವುದೇ ಬೇರೆ, ಬೈಕಿನವರನ್ನು ಕೇಳುವುದೇ ಬೇರೆ, ಅಲ್ವಾ? ಹಾಗಾಗಿ ಗೂಗಲ್ ಫಾರ್ಮ್‌ನಲ್ಲಿ ಪ್ರಶ್ನೆಗಳಿಗೆ ಕವಲು ಹಾಕಿದೆ.

ಮೊದಲು ನೋಟ್‌ಬುಕ್ಕಿನಲ್ಲಿ ಗೀಟು ಎಳೆದುಕೊಂಡೆ. ಸೆಕ್ಷನ್ 1ರಲ್ಲಿ ‘ಹೇಗೆ ಬರುತ್ತೀರಿ?’ ಎಂಬ ಒಂದೇ ಪ್ರಶ್ನೆ. 2 ಬಸ್ಸಿನವರಿಗೆ, 3 ಬೈಕಿನವರಿಗೆ, 4 ಎಲ್ಲರಿಗೂ. ನಡೆದು ಬರುವವರು ನೇರ 4ಕ್ಕೆ. ಪ್ರಶ್ನೆಯ ಮೂಲೆಯ ಮೂರು ಚುಕ್ಕಿ ಒತ್ತಿ `Go to section based on answer` ಆರಿಸಿದರೆ ಪ್ರತಿ ಉತ್ತರದ ಪಕ್ಕದಲ್ಲೂ ಯಾವ ಸೆಕ್ಷನ್‌ಗೆ ಹೋಗಬೇಕೆಂದು ಹೇಳಬಹುದು. ಒಂದೇ ಉತ್ತರ ಆರಿಸುವ ಪ್ರಶ್ನೆಗೆ ಮಾತ್ರ ಇದು ಸಿಗುತ್ತದೆ. ಹಲವು ಟಿಕ್ ಹಾಕುವ ಚೆಕ್‌ಬಾಕ್ಸ್‌ಗೆ ಸಿಗುವುದಿಲ್ಲ. ಬಸ್ಸು, ಬೈಕು ಎರಡರಲ್ಲೂ ಬರುವವರಿದ್ದಾರೆ, ಅದಕ್ಕೇ ಪ್ರಶ್ನೆಯನ್ನು ‘ಹೆಚ್ಚು ದಿನ ಹೇಗೆ ಬರುತ್ತೀರಿ?’ ಎಂದು ಬದಲಿಸಿದೆ.

ಎಲ್ಲರಿಗೂ ಕಳಿಸುವ ಮುಂಚೆ 12 ಗೆಳೆಯರಿಂದ ತುಂಬಿಸಿದೆ. ಶೀಟ್ ತೆರೆದಾಗ ವಿಚಿತ್ರ ಕಂಡಿತು. ಬಸ್ಸಿನಲ್ಲಿ ಬರುವ ಐದೂ ಜನ ಪೆಟ್ರೋಲ್ ಖರ್ಚಿಗೆ ‘₹500ಕ್ಕಿಂತ ಕಡಿಮೆ’ ಎಂದಿದ್ದರು! ತಪ್ಪು ನನ್ನದೇ. ಸೆಕ್ಷನ್ 2ಕ್ಕೆ ಹೋಗುವ ದಾರಿ ಹಾಕಿದ್ದೆ, ಅದು ಮುಗಿದ ಮೇಲೆ ಎಲ್ಲಿಗೆ ಅಂತ ಹೇಳಿರಲಿಲ್ಲ. ಹೇಳದಿದ್ದರೆ ಫಾರ್ಮ್ ಸುಮ್ನೆ ಮುಂದಿನದಕ್ಕೆ, ಅಂದರೆ ಬೈಕಿನ ಸೆಕ್ಷನ್ನಿಗೆ ಹೋಗುತ್ತದೆ. ಅಲ್ಲಿನ ಪ್ರಶ್ನೆಗಳನ್ನು ಕಡ್ಡಾಯ ಮಾಡಿದ್ದೆ, ಪಾಪ ಅವರು ಏನೋ ಒಂದು ಒತ್ತಿದ್ದರು. ಸೆಕ್ಷನ್ 2ರ ತಳದಲ್ಲಿರುವ `After section 2` ಅನ್ನು `Go to section 4` ಮಾಡಿದೆ. ಆಮೇಲೆ ಮೊಬೈಲಿನಲ್ಲಿ ಮೂರು ದಾರಿಯನ್ನೂ ನಾನೇ ತುಂಬಿ ನೋಡಿದೆ, ಸರಿಯಾಗಿತ್ತು. ಆ 12 ಉತ್ತರಗಳನ್ನೂ, ನನ್ನ ಮೂರನ್ನೂ ಅಳಿಸಿದೆ.

ಕ್ಲಾಸ್ ಗ್ರೂಪಿಗೆ ಲಿಂಕ್ ಹಾಕಿದರೆ ಎರಡು ದಿನದಲ್ಲಿ 41 ಉತ್ತರ ಬಂದವು, ಅದರಲ್ಲಿ ಬೈಕಿನವರೇ ಜಾಸ್ತಿ. ಹಳ್ಳಿಯಿಂದ ಬರುವವರು ಸಿಗಬೇಕಲ್ಲ? ಕ್ಯೂಆರ್ ಕೋಡ್ ಪ್ರಿಂಟ್ ಹಾಕಿಸಿ, ರಟ್ಟಿಗೆ ಅಂಟಿಸಿಕೊಂಡು ಸಂಜೆ ಬಸ್ ಸ್ಟ್ಯಾಂಡಿಗೆ ಹೋದೆ. ನೆಟ್ ಇಲ್ಲದವರಿಗೆ ನನ್ನ ಮೊಬೈಲನ್ನೇ ಕೊಟ್ಟೆ. ಒಬ್ಬರಿಗೆ ಒಂದೇ ಉತ್ತರ ಅನ್ನುವ ಸೆಟ್ಟಿಂಗ್ ಹಾಕಿದ್ದರೆ ಪ್ರತಿಯೊಬ್ಬರೂ ಗೂಗಲ್ ಖಾತೆಗೆ ಲಾಗಿನ್ ಆಗಬೇಕಿತ್ತು, ಒಂದೇ ಮೊಬೈಲಿನಲ್ಲಿ ಅದು ಆಗುವ ಕೆಲಸವಲ್ಲ. ಅದನ್ನು ಹಾಕಲಿಲ್ಲ. ಬದಲಿಗೆ ಕೊನೆಯಲ್ಲಿ ರೋಲ್ ನಂಬರ್ ಕೇಳಿ, ಎರಡು ಸಲ ಬಂದದ್ದನ್ನು ತೆಗೆದೆ.

ಕೊನೆಗೆ ಉಳಿದದ್ದು 118. ಬಸ್ಸಿನವರು 64 ಜನ, ಅವರಲ್ಲಿ ‘ಸೀಟು ಸಿಗದೆ ಬಸ್ಸು ಬಿಟ್ಟಿದ್ದೇನೆ’ ಎಂದವರು 27. ನಾನು 27ನ್ನು 118ರಿಂದ ಭಾಗಿಸಿ ಶೇ. 23 ಎಂದು ಬರೆದಿದ್ದೆ. ಗೈಡ್ ಮೇಡಂ ನೋಡಿ, “ಉಳಿದವರಿಗೆ ಈ ಪ್ರಶ್ನೆ ಕೇಳೇ ಇಲ್ವಲ್ಲಮ್ಮ” ಅಂದರು. 64ರಿಂದ ಭಾಗಿಸಿದಾಗ ಶೇ. 42 ಆಯಿತು. ಅಂದಿನಿಂದ ಪ್ರತಿ ಕೋಷ್ಟಕದ ಕೆಳಗೂ ಆ ಪ್ರಶ್ನೆ ಎಷ್ಟು ಜನರಿಗೆ ಹೋಗಿತ್ತು ಎಂದು ಬರೆದೆ. ಸಿಕ್ಕವರನ್ನೇ ಕೇಳಿದ್ದರಿಂದ ಇದು ಇಡೀ ಕಾಲೇಜಿನ ಲೆಕ್ಕವಲ್ಲ ಎಂಬುದನ್ನೂ ಮೊದಲ ಪುಟದಲ್ಲೇ ಸೇರಿಸಿದೆ.